ಬೆಸ ಸಂಖ್ಯೆಯನ್ನು ನಡುವೆ ಬಾಗಿಸಿ ನೋಡಿ

ಪ್ರಶ್ನೆ: 1 + 3 = 4, 1 + 3 + 5 = 9, 1 + 3 + 5 + 7 = 16. ಎಷ್ಟು ಕೂಡಿದರೂ ವರ್ಗ ಸಂಖ್ಯೆಯೇ ಬರುತ್ತಿದೆ. ಪುಸ್ತಕದಲ್ಲಿ ಉತ್ತರ n² ಅಂತಷ್ಟೇ ಇದೆ, ಯಾಕೆ ಅಂತ ಇಲ್ಲ. ಚುಕ್ಕಿ ಇಟ್ಟು ತೋರಿಸಬಹುದು ಅಂತ ಕೇಳಿದ್ದೇನೆ. ಆದರೆ ನಾಲ್ಕೈದು ಚಿತ್ರ ಸರಿಬಂದ ಮಾತ್ರಕ್ಕೆ ಮುಂದೆ ಎಲ್ಲೂ ತಪ್ಪುವುದಿಲ್ಲ ಅಂತ ಹೇಗೆ ನಂಬೋದು?

ಉತ್ತರ: ಒಂದು ಹಾಳೆ ತೆಗೆದುಕೊಂಡು ಅದರ ಮೇಲೆ ಏಳು ಚುಕ್ಕಿಗಳನ್ನು ಒಂದೇ ಸಾಲಿನಲ್ಲಿ ಇಡಿ. ಏಳು ಬೆಸ ಸಂಖ್ಯೆಯಾದ್ದರಿಂದ ಆ ಸಾಲಿಗೆ ಸರಿಯಾಗಿ ನಡುವೆ ಒಂದು ಚುಕ್ಕಿ ಇರುತ್ತದೆ. ಅದರ ಎಡಕ್ಕೆ ಮೂರು, ಬಲಕ್ಕೆ ಮೂರು. ಆ ನಡುಚುಕ್ಕಿಯನ್ನು ಬೇರೆ ಗುರುತಿನಲ್ಲಿ ಬರೆದಿದ್ದೇನೆ.

```
● ● ● ◎ ● ● ●
```

ಈಗ ನಡುಚುಕ್ಕಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಬಲಗಡೆಯ ಮೂರು ಚುಕ್ಕಿಗಳನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದಂತೆ ಬಾಗಿಸಿ.

```
      ●
      ●
      ●
● ● ● ◎
```

ಬಡಗಿಗಳು ಮೂಲೆ ನೇರವಿದೆಯೇ ಎಂದು ನೋಡಲು ಇಡುವ ಮೂಲೆಮಟ್ಟದ ಆಕಾರ ಬಂತು. ಇದನ್ನು ಮೂಲೆಪಟ್ಟಿ ಎಂದು ಕರೆಯೋಣ. ನೀವು ಕೇಳಿದ್ದರ ಅರ್ಧ ಉತ್ತರ ಈ ಚಿತ್ರದಲ್ಲೇ ಇದೆ. ಪಟ್ಟಿಯ ಎರಡು ತೋಳುಗಳೂ ಮೂರು ಮೂರು ಚುಕ್ಕಿ ಉದ್ದ ಇವೆ. ಹಾಗಾಗಿ ಪಟ್ಟಿ ತಬ್ಬಿಕೊಂಡಿರುವ ಖಾಲಿ ಜಾಗ ಮೂರು ಸಾಲು, ಸಾಲಿಗೆ ಮೂರು ಚುಕ್ಕಿ ಹಿಡಿಸುವ ಚೌಕ. ಅದು ಉದ್ದ ಹೆಚ್ಚು ಅಗಲ ಕಡಿಮೆ ಆಗಲು ಸಾಧ್ಯವೇ ಇಲ್ಲ, ಏಕೆಂದರೆ ನಾವು ಸಾಲನ್ನು ಬಾಗಿಸಿದ್ದು ಸರಿಯಾಗಿ ನಡುವೆ.

ಆ ಖಾಲಿ ಚೌಕದೊಳಗೆ ಏನು ಹಾಕುವುದು? ಐದನ್ನೂ ಹೀಗೇ ನಡುವೆ ಬಾಗಿಸಿದರೆ ತೋಳಿಗೆ ಎರಡೆರಡು ಚುಕ್ಕಿಯ ಚಿಕ್ಕ ಮೂಲೆಪಟ್ಟಿ ಸಿಗುತ್ತದೆ. ಅದು ಏಳರ ಪಟ್ಟಿಯ ಒಳಮೈಗೆ ಅಂಟಿ ಕೂರುತ್ತದೆ. ಅದರೊಳಗೆ ಎರಡು ಸಾಲಿನ ಚೌಕ ಖಾಲಿ ಉಳಿಯುತ್ತದೆ. ಅಲ್ಲಿಗೆ ಮೂರರ ಪಟ್ಟಿ, ಅದರೊಳಗಿನ ಒಂದೇ ಒಂದು ಜಾಗಕ್ಕೆ ಒಂಟಿ ಚುಕ್ಕಿ. ಒಳಗೆ ಎಲ್ಲೂ ಸಂದಿ ಉಳಿಯಲಿಲ್ಲ, ಯಾವ ಚುಕ್ಕಿಯೂ ಹೊರಗೆ ಚಾಚಲಿಲ್ಲ.

ಚುಕ್ಕಿಯ ಬದಲು ಆಯಾ ಚುಕ್ಕಿ ಎಷ್ಟನೆಯ ಪಟ್ಟಿಗೆ ಸೇರಿದ್ದು ಎಂಬ ಅಂಕಿ ಬರೆದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

```
1 2 3 4
2 2 3 4
3 3 3 4
4 4 4 4
```

ಇಲ್ಲಿ 1 ಎಂಬ ಅಂಕಿ ಒಂದು ಸಲ ಇದೆ, 2 ಮೂರು ಸಲ, 3 ಐದು ಸಲ, 4 ಏಳು ಸಲ. ಎಣಿಸಿ ನೋಡಿ. ಪಟ್ಟಿ ಪಟ್ಟಿಯಾಗಿ ಎಣಿಸಿದರೆ 1 + 3 + 5 + 7. ಅದೇ ಚುಕ್ಕಿಗಳನ್ನು ಸಾಲು ಸಾಲಾಗಿ ಎಣಿಸಿದರೆ ನಾಲ್ಕು ಸಾಲು, ಸಾಲಿಗೆ ನಾಲ್ಕು. ಎರಡು ಬಗೆಯಲ್ಲಿ ಎಣಿಸಿದ ಮಾತ್ರಕ್ಕೆ ಚುಕ್ಕಿಗಳ ಸಂಖ್ಯೆ ಬದಲಾಗುವುದಿಲ್ಲವಲ್ಲ, ಆದ್ದರಿಂದ 1 + 3 + 5 + 7 = 4 × 4.

ಇನ್ನು ನಿಮ್ಮ ನಿಜವಾದ ಸಂಶಯಕ್ಕೆ ಬರುತ್ತೇನೆ. ನಾಲ್ಕರವರೆಗೆ ಸರಿ, ನಾಲ್ಕು ನೂರರ ತನಕವೂ ಹೀಗೇ ಕೂರುತ್ತದೆಯೇ? ಈ ಸಂಶಯ ಬರಲೇಬೇಕಾದದ್ದು, ಏಕೆಂದರೆ ಮೊದಲ ಕೆಲವು ಉತ್ತರಗಳನ್ನು ನಂಬಿ ಮೋಸ ಹೋಗುವ ಲೆಕ್ಕಗಳು ಗಣಿತದಲ್ಲಿವೆ. ಒಂದು ವೃತ್ತದ ಮೇಲೆ ಕೆಲವು ಬಿಂದುಗಳನ್ನು ಗುರುತಿಸಿ, ಪ್ರತಿ ಎರಡು ಬಿಂದುಗಳನ್ನೂ ಗೆರೆಯಿಂದ ಸೇರಿಸಿ. ವೃತ್ತದೊಳಗೆ ಮೂರು ಗೆರೆ ಒಂದೇ ಕಡೆ ಕೂಡದಂತೆ ಬಿಂದುಗಳನ್ನು ಆರಿಸಿಕೊಳ್ಳಬೇಕು. ಈಗ ವೃತ್ತ ಎಷ್ಟು ತುಂಡಾಯಿತು ಎಂದು ಎಣಿಸಿ. ಒಂದು ಬಿಂದುವಿಗೆ 1 ತುಂಡು, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಎಂದು ಯಾರಾದರೂ ಹೇಳುತ್ತಾರೆ. ಎಣಿಸಿದರೆ 31. ಐದು ಚಿತ್ರ ಸರಿಯಾಗಿದ್ದವು, ಆರನೆಯದು ಕೈಕೊಟ್ಟಿತು.

ಅಲ್ಲಿ ತಪ್ಪಿದ್ದು ಎಲ್ಲಿ ಎಂದರೆ, ನಾವು ಉತ್ತರಗಳನ್ನು ಮಾತ್ರ ನೋಡಿದ್ದೆವು. 8 ಇದ್ದದ್ದು 16 ಆಗುವಾಗ ಹೊಸ ತುಂಡುಗಳು ಎಲ್ಲಿಂದ ಬಂದವು ಎಂದು ಕೇಳಿರಲಿಲ್ಲ. ಚುಕ್ಕಿಯ ಚಿತ್ರದಲ್ಲೂ ಬರೀ 1, 4, 9, 16 ಎಂಬ ಉತ್ತರಗಳನ್ನೇ ನೋಡುತ್ತಾ ಕೂತರೆ ನಿಮ್ಮ ಸಂಶಯ ತೀರುವುದಿಲ್ಲ, ತೀರಲೂ ಬಾರದು. ನೋಡಬೇಕಾದದ್ದು ಒಂದು ಚೌಕದಿಂದ ಮುಂದಿನ ಚೌಕಕ್ಕೆ ಹೋಗುವ ಹೆಜ್ಜೆಯನ್ನು.

ನಾಲ್ಕು ಸಾಲಿನ ಚೌಕವನ್ನು ಐದು ಸಾಲಿನದಾಗಿ ಬೆಳೆಸಬೇಕು ಎಂದುಕೊಳ್ಳಿ. ಬಲಕ್ಕೆ ಒಂದು ಕಂಬಸಾಲು ಬೇಕು, ಅದಕ್ಕೆ ನಾಲ್ಕು ಚುಕ್ಕಿ. ಕೆಳಗೆ ಒಂದು ಅಡ್ಡಸಾಲು ಬೇಕು, ಅದಕ್ಕೂ ನಾಲ್ಕು. ಒಟ್ಟು ಎಂಟು ಚುಕ್ಕಿ ಇಟ್ಟು ಕೆಲಸ ಮುಗಿಯಿತು ಎಂದರೆ ಚಿತ್ರ ಹೀಗಿರುತ್ತದೆ:

```
● ● ● ● ○
● ● ● ● ○
● ● ● ● ○
● ● ● ● ○
○ ○ ○ ○
```

ಕೆಳಗಿನ ಬಲಮೂಲೆ ಖಾಲಿ. ಅಲ್ಲಿಗೆ ಇನ್ನೊಂದು ಚುಕ್ಕಿ ಬೇಕು. ಆಗ 4 + 4 + 1 = 9. ಈ ಮೂಲೆಯ ಚುಕ್ಕಿಯಲ್ಲೇ ಬಹಳ ಜನ ಎಡವುತ್ತಾರೆ. ಕೆಲವರು ಅದನ್ನು ಮರೆತು 8 ಎನ್ನುತ್ತಾರೆ. ಇನ್ನು ಕೆಲವರು ಹೊಸ ಕಂಬಸಾಲಿನಲ್ಲಿ ಐದು, ಹೊಸ ಅಡ್ಡಸಾಲಿನಲ್ಲಿ ಐದು ಎಂದು ಎಣಿಸಿ 10 ಎನ್ನುತ್ತಾರೆ. ಅವರು ಮೂಲೆಯದನ್ನು ಎರಡು ಸಲ ಎಣಿಸಿದ್ದಾರೆ. ತಪ್ಪನ್ನು ಗುರುತಿಸುವುದು ಸುಲಭ: ಉತ್ತರ ಸಮ ಸಂಖ್ಯೆ ಬಂದರೆ ಮೂಲೆಯ ಲೆಕ್ಕ ಕೆಟ್ಟಿದೆ. ಎರಡು ತೋಳು ಯಾವತ್ತೂ ಸಮನಾಗಿರುವುದರಿಂದ ಅವೆರಡೂ ಸೇರಿ ಸಮ ಸಂಖ್ಯೆಯೇ ಆಗುತ್ತದೆ. ಒಟ್ಟನ್ನು ಬೆಸವಾಗಿಸುವುದು ಆ ಒಂಟಿ ಮೂಲೆಚುಕ್ಕಿ. ಮೊದಲು ನಾವು ಏಳನ್ನು ಬಾಗಿಸಿದಾಗ ಬೆರಳಿಟ್ಟು ಹಿಡಿದದ್ದು ಇದೇ ಚುಕ್ಕಿಯನ್ನು.

ಈಗ ಹಿಂದೆ ಹೋಗಿ, ಮೇಲಿನ ಮಾತಿನಲ್ಲಿ ‘ನಾಲ್ಕು’ ಎಂದಿರುವಲ್ಲೆಲ್ಲ ‘ಮೂವತ್ತೇಳು’ ಎಂದು ಓದಿ. ಬಲಕ್ಕೆ ಮೂವತ್ತೇಳು, ಕೆಳಗೆ ಮೂವತ್ತೇಳು, ಮೂಲೆಗೆ ಒಂದು, ಒಟ್ಟು 75. ಮಾತು ಎಲ್ಲೂ ಕೆಡಲಿಲ್ಲ. ನಾಲ್ಕು ಚಿಕ್ಕ ಸಂಖ್ಯೆ ಎಂಬುದನ್ನಾಗಲಿ, ಅದು ಸಮ ಸಂಖ್ಯೆ ಎಂಬುದನ್ನಾಗಲಿ ನಾವು ಎಲ್ಲಿಯೂ ಬಳಸಿಕೊಂಡಿರಲಿಲ್ಲ. ಅದೊಂದು ಚೌಕದ ಬದಿ ಎಂಬುದಷ್ಟನ್ನೇ ಬಳಸಿದ್ದು. ಚಿತ್ರದಲ್ಲಿ ಕಂಡದ್ದು ನಾಲ್ಕರ ಚೌಕವಾದರೂ ವಾದ ನಡೆದದ್ದು ಎಲ್ಲ ಚೌಕಗಳ ಬಗ್ಗೆ. ಒಂದು ಚಿತ್ರ ಸಾಧನೆಯೋ ಬರೀ ಉದಾಹರಣೆಯೋ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಇದೇ: ಅದರಲ್ಲಿರುವ ಸಂಖ್ಯೆಯನ್ನು ಬದಲಿಸಿ, ವಿವರಣೆಯ ವಾಕ್ಯಗಳು ಹಾಗೇ ನಿಲ್ಲುತ್ತವೆಯೇ ನೋಡುವುದು. ವೃತ್ತದ ತುಂಡುಗಳ ವಿಷಯದಲ್ಲಿ ಹಾಗೆ ನಿಲ್ಲಿಸಲು ನಮ್ಮ ಬಳಿ ವಾಕ್ಯಗಳೇ ಇರಲಿಲ್ಲ.

ಒಂದು ಎಳೆ ಮಾತ್ರ ಇನ್ನೂ ಕಟ್ಟಬೇಕು. ಚೌಕ ಬೆಳೆಯಲು ಬೇಕಾದಷ್ಟೇ ಚುಕ್ಕಿ, ಸರದಿಯಲ್ಲಿ ಮುಂದೆ ಬರುವ ಬೆಸ ಸಂಖ್ಯೆಯಲ್ಲಿ ಇರುತ್ತದೆಯೇ? ಚೌಕಕ್ಕೆ ಎಷ್ಟು ಬೇಕು ನೋಡಿ. ಒಂದರ ಚೌಕ ಬೆಳೆಯಲು 1 + 1 + 1 = 3, ಎರಡರದಕ್ಕೆ 2 + 2 + 1 = 5, ಮೂರರದಕ್ಕೆ 3 + 3 + 1 = 7. ಚೌಕದ ಬದಿ ಒಂದು ಹೆಚ್ಚಿದಾಗ ಪಟ್ಟಿಯ ಪ್ರತಿ ತೋಳೂ ಒಂದೊಂದು ಚುಕ್ಕಿ ಉದ್ದವಾಗುತ್ತದೆ, ತೋಳುಗಳು ಎರಡು, ಮೂಲೆ ಹಾಗೇ ಇರುತ್ತದೆ. ಹೀಗಾಗಿ ಚೌಕದ ಬೇಡಿಕೆ ಪ್ರತಿ ಸಲವೂ ಎರಡೆರಡೇ ಹೆಚ್ಚುತ್ತದೆ. ಬೆಸ ಸಂಖ್ಯೆಗಳೂ ಎರಡೆರಡೇ ಹೆಚ್ಚುತ್ತವೆ. ಎರಡೂ ಒಂದೇ ಕಡೆಯಿಂದ ಹೊರಟು ಒಂದೇ ಅಳತೆಯ ಹೆಜ್ಜೆ ಹಾಕುತ್ತಿದ್ದರೆ ಎಷ್ಟು ದೂರ ಹೋದರೂ ಜೊತೆ ತಪ್ಪುವುದಿಲ್ಲ. ಅಕ್ಷರಗಳಲ್ಲಿ ಬರೆದರೆ ಇದು n² + (2n + 1) = (n + 1)². ಇದರಲ್ಲಿನ 2n ಎಂದರೆ ಎರಡು ತೋಳು, 1 ಎಂದರೆ ಮೂಲೆ.

ಇಟಲಿಯ ಗಣಿತಜ್ಞ ಫ್ರಾಂಚೆಸ್ಕೊ ಮೌರೊಲಿಕೊ, 1575ರಲ್ಲಿ ಅಚ್ಚಾದ ಅಂಕಗಣಿತದ ಗ್ರಂಥದಲ್ಲಿ, ಇದನ್ನು ಸಾಧಿಸಿದ್ದು ಹೀಗೆಯೇ: ಯಾವುದೇ ವರ್ಗಕ್ಕೆ ಸರದಿಯಲ್ಲಿ ಮುಂದೆ ಬರುವ ಬೆಸ ಸಂಖ್ಯೆ ಸೇರಿದರೆ ಮುಂದಿನ ವರ್ಗ. ಒಂದು ಸ್ವತಃ ವರ್ಗ, ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಎಲ್ಲವೂ ಸಿದ್ಧವಾಗುತ್ತದೆ. ಇವತ್ತು ಗಣಿತಾನುಮಾನ ಎಂಬ ಹೆಸರಿನಲ್ಲಿ ಕಲಿಸುವ ಸಾಧನಾಕ್ರಮ ಇದೇ.

ಲೆಕ್ಕ ಮಾಡುವಾಗ ಆಗುವ ಇನ್ನೊಂದು ತಪ್ಪನ್ನೂ ಈ ಚಿತ್ರ ಸರಿಪಡಿಸುತ್ತದೆ. 1 + 3 + 5 + … + 99 ಎಷ್ಟು? ಸೂತ್ರ ಬಾಯಿಪಾಠ ಮಾಡಿದವರು n ಜಾಗಕ್ಕೆ 99 ಹಾಕಿ 9801 ಎನ್ನುವುದುಂಟು. ಆ n ಎಂದರೆ ಎಷ್ಟು ಸಂಖ್ಯೆ ಕೂಡಿದೆವು ಎಂಬುದೇ ಹೊರತು ಕೊನೆಯ ಸಂಖ್ಯೆಯಲ್ಲ. ಇಷ್ಟು ಹೇಳಿದ ಮೇಲೂ 49 ಇರಬೇಕೋ 50 ಇರಬೇಕೋ ಎಂಬ ಗೊಂದಲ ಉಳಿಯುತ್ತದೆ. ಸೂತ್ರ ಬದಿಗಿಟ್ಟು, ಎಲ್ಲಕ್ಕಿಂತ ಹೊರಗಿನ ಪಟ್ಟಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಅದರಲ್ಲಿ 99 ಚುಕ್ಕಿ. ಮೂಲೆಯದನ್ನು ತೆಗೆದರೆ 98, ಎರಡು ತೋಳಿಗೆ ಹಂಚಿದರೆ 49. ಚೌಕದ ಬದಿ ಎಂದರೆ ಒಂದು ತೋಳು ಮತ್ತು ಮೂಲೆ, ಅಂದರೆ 50. ಮೊತ್ತ 50 × 50 = 2500. ಕೊನೆಯ ಸಂಖ್ಯೆಯೇ ಚೌಕದ ಬದಿಯನ್ನು ಹೇಳಿಬಿಡುತ್ತದೆ, ಎಷ್ಟು ಸಂಖ್ಯೆಗಳಿವೆ ಎಂದು ಬೇರೆ ಎಣಿಸಬೇಕಾಗಿಲ್ಲ.

ಮೊತ್ತ ಒಂದರಿಂದಲೇ ಆರಂಭವಾಗಬೇಕು ಎಂಬ ಷರತ್ತು ಏಕೆ ಎಂಬುದೂ ಇಲ್ಲೇ ಕಾಣುತ್ತದೆ. 5 + 7 + 9 + 11 ಕೂಡಿದರೆ 32, ಅದು ವರ್ಗವಲ್ಲ. ಪಟ್ಟಿಗಳನ್ನೇನೋ ಜೋಡಿಸಬಹುದು, ಆದರೆ ಒಳಗಿನ ಎರಡು ಪಟ್ಟಿ ಇಲ್ಲ:

```
· · ● ● ● ●
· · ● ● ● ●
● ● ● ● ● ●
● ● ● ● ● ●
● ● ● ● ● ●
● ● ● ● ● ●
```

ಹೊರಗೆ ಆರರ ಚೌಕ, ಮೂಲೆಯಲ್ಲಿ ಎರಡರ ಚೌಕದಷ್ಟು ತೂತು. 36 − 4 = 32. ಎಲ್ಲಿಂದಲೋ ಆರಂಭಿಸಿ ಬಿಡದೆ ಕೂಡಿದ ಬೆಸ ಸಂಖ್ಯೆಗಳ ಮೊತ್ತ ಯಾವಾಗಲೂ ಹೀಗೆ ಎರಡು ವರ್ಗಗಳ ವ್ಯತ್ಯಾಸ.

ಈ ತೂತಿನ ಚಿತ್ರ ನನಗೆ ತುಂಬಾ ಇಷ್ಟ, ಏಕೆಂದರೆ ಇದು ಬೇರೊಂದು ಬಾಗಿಲನ್ನೂ ತೆರೆಯುತ್ತದೆ. ಒಂದೇ ಒಂದು ಪಟ್ಟಿಯಲ್ಲಿರುವ ಚುಕ್ಕಿಗಳು ತಾವೇ ಒಂದು ವರ್ಗ ಸಂಖ್ಯೆಯಾಗಿದ್ದರೆ? 9 ಬೆಸವೂ ಹೌದು, ವರ್ಗವೂ ಹೌದು. 9ರ ಪಟ್ಟಿಯ ತೋಳು ನಾಲ್ಕು, ಆದ್ದರಿಂದ ಅದು ನಾಲ್ಕರ ಚೌಕವನ್ನು ಐದರ ಚೌಕವಾಗಿ ಬೆಳೆಸುತ್ತದೆ: 16 + 9 = 25. ಲಂಬಕೋನ ತ್ರಿಭುಜದ ಬದಿಗಳೆಂದು ಎಲ್ಲರಿಗೂ ಗೊತ್ತಿರುವ 3, 4, 5 ಸಿಕ್ಕಿತು. 25ರ ಪಟ್ಟಿ ತೆಗೆದುಕೊಂಡರೆ ತೋಳು 12, ಆಗ 144 + 25 = 169, ಅಂದರೆ 5, 12, 13. 49ರ ಪಟ್ಟಿಗೆ ತೋಳು 24, ಅದರಿಂದ 7, 24, 25. ಮೂರರಿಂದ ಮುಂದೆ ನಿಮಗೆ ಇಷ್ಟವಾದ ಬೆಸ ಸಂಖ್ಯೆಯ ವರ್ಗವನ್ನು ಹೀಗೆ ಬಾಗಿಸಿದರೆ ಅಂಥದೊಂದು ತ್ರಿಭುಜ ಸಿಗುತ್ತದೆ. ಎಲ್ಲ ತ್ರಿಭುಜಗಳೂ ಒಂದೇ ಪಟ್ಟಿಯಿಂದ ಬರುವುದಿಲ್ಲ ಎಂಬುದು ನೆನಪಿರಲಿ. 8, 6, 10 ಬೇಕಾದರೆ ಎಂಟರ ಚೌಕಕ್ಕೆ 17 ಮತ್ತು 19, ಹೀಗೆ ಎರಡು ಪಟ್ಟಿ ಹೊದಿಸಬೇಕು: 64 + 36 = 100.

ಸಮ ಸಂಖ್ಯೆಗಳನ್ನು ಬಾಗಿಸಲು ಹೋದರೆ ಏನಾಗುತ್ತದೆ ಎಂದು ಒಮ್ಮೆ ಮಾಡಿ ನೋಡಿ. ಅವುಗಳಿಗೆ ನಡುಚುಕ್ಕಿ ಇಲ್ಲ. ಎಲ್ಲಿ ಬಾಗಿಸಿದರೂ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಒಂದು ಚುಕ್ಕಿಯಷ್ಟೇ ಹೆಚ್ಚುಕಡಿಮೆ ಇರುವಂತೆ ಬಾಗಿಸಿ, ಒಂದರೊಳಗೊಂದು ಇಟ್ಟಾಗ 2 + 4 + 6 ಹೀಗೆ ಕೂರುತ್ತದೆ:

```
1 1 2 3
2 2 2 3
3 3 3 3
```

ಮೂರು ಸಾಲು, ಸಾಲಿಗೆ ನಾಲ್ಕು. ಇದಕ್ಕೆ ಮುಂಚೆ 1 × 2, 2 × 3 ಬಂದಿದ್ದವು, ಮುಂದೆ 4 × 5 ಬರುತ್ತದೆ. ಇವುಗಳಲ್ಲಿ ಯಾವುದೂ ವರ್ಗವಾಗಲಾರದು, ಏಕೆಂದರೆ 3 × 4 ಎಂಬುದು 3 × 3ಕ್ಕಿಂತ ಹೆಚ್ಚು, 4 × 4ಕ್ಕಿಂತ ಕಡಿಮೆ, ಅವೆರಡರ ನಡುವೆ ಬೇರೆ ವರ್ಗವಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ಬೆಸ ಸಂಖ್ಯೆಗಳ ಚಿತ್ರ ಎಷ್ಟು ದೊಡ್ಡದಾದರೂ ಆಕಾರ ಅದೇ, ಚೌಕ. ಸಮ ಸಂಖ್ಯೆಗಳ ಆಯತ ಪ್ರತಿ ಹೆಜ್ಜೆಗೂ ಬೇರೆ ಆಕಾರ ತಾಳುತ್ತದೆ. 1 × 2ರಲ್ಲಿ ಉದ್ದ ಅಗಲದ ಎರಡರಷ್ಟು, 2 × 3ರಲ್ಲಿ ಒಂದೂವರೆಯಷ್ಟು. ಪೈಥಾಗೊರಸನ ಅನುಯಾಯಿಗಳ ಬಗ್ಗೆ ಬರೆಯುತ್ತಾ ಅರಿಸ್ಟಾಟಲ್ ಈ ಮೂಲೆಪಟ್ಟಿಗಳನ್ನು ಪ್ರಸ್ತಾಪಿಸಿ, ಒಂದು ಬಗೆಯಲ್ಲಿ ಇಟ್ಟರೆ ಆಕೃತಿ ಸದಾ ಒಂದೇ, ಇನ್ನೊಂದು ಬಗೆಯಲ್ಲಿ ಸದಾ ಬೇರೆ ಬೇರೆ ಎಂದಿದ್ದಾನೆ. ಆ ಮಾತನ್ನು ಸಾಮಾನ್ಯವಾಗಿ ಅರ್ಥೈಸುವುದು ಈ ಎರಡು ಚಿತ್ರಗಳನ್ನು ಇಟ್ಟುಕೊಂಡೇ. ಪಟ್ಟಿಗೆ ಗ್ರೀಕರು ಇಟ್ಟ ಹೆಸರು ನೋಮನ್. ಬಡಗಿಯ ಮೂಲೆಮಟ್ಟಕ್ಕೂ ಅವರು ಅದೇ ಪದ ಬಳಸುತ್ತಿದ್ದರು.

ಬಾಗಿಸದೆಯೂ ಚೌಕ ಮಾಡುವ ದಾರಿ ಒಂದಿದೆ. ಸಂಖ್ಯೆಗಳನ್ನು ಒಂದರ ಕೆಳಗೊಂದು ಸಾಲಾಗಿ ಇಡಿ.

```
●
● ● ●
● ● ● ● ●
● ● ● ● ● ● ●
```

ಕೊನೆಯ ಸಾಲಿನಿಂದ ಮೂರು ಚುಕ್ಕಿ ತೆಗೆದು ಮೊದಲ ಸಾಲಿಗೆ, ಮೂರನೆಯದರಿಂದ ಒಂದು ತೆಗೆದು ಎರಡನೆಯದಕ್ಕೆ ಕೊಡಿ. ಎಲ್ಲ ಸಾಲೂ ನಾಲ್ಕಾದವು, ಸಾಲುಗಳೂ ನಾಲ್ಕು. ಆರ್ಯಭಟ 499ರ ಸುಮಾರಿಗೆ ಕೊಟ್ಟ ಶ್ರೇಢಿಯ ಮೊತ್ತದ ಸೂತ್ರದಲ್ಲಿ ಇದೇ ಸಮಹಂಚಿಕೆ ಇದೆ: ಮೊದಲ ಮತ್ತು ಕೊನೆಯ ಪದ ಕೂಡಿ, ಅರ್ಧ ಮಾಡಿ, ಪದಗಳ ಸಂಖ್ಯೆಯಿಂದ ಗುಣಿಸುವುದು. ಈ ದಾರಿಯ ವ್ಯಾಪ್ತಿ ದೊಡ್ಡದು. 5 + 7 + 9 + 11 ಕೂಡ ಇದರಲ್ಲಿ ಸಾಲಿಗೆ ಎಂಟರಂತೆ ನಾಲ್ಕು ಸಾಲಾಗಿ ಒಪ್ಪವಾಗಿ ಕೂರುತ್ತದೆ. ಆದರೂ ‘ಯಾಕೆ ಪ್ರತಿ ಸಲವೂ ವರ್ಗವೇ’ ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದು ಮೂಲೆಪಟ್ಟಿಯನ್ನೇ. ಹಂಚಿಕೆಯ ಚಿತ್ರದಲ್ಲಿ ಐದನೆಯ ಸಾಲು ಬಂದ ಕೂಡಲೇ ಹಳೆಯ ಹಂಚಿಕೆ ಅಳಿಸಿ ಹೊಸದಾಗಿ ಹಂಚಬೇಕು. ಮೂಲೆಪಟ್ಟಿಯಲ್ಲಿ ಹಳೆಯ ಒಂದು ಚುಕ್ಕಿಯನ್ನೂ ಕದಲಿಸಬೇಕಿಲ್ಲ, ಹೊಸದು ಹಳೆಯದರ ಮೈಗೆ ಬಂದು ಕೂರುತ್ತದೆ.

ಕದಲಿಸದೆ ಬೆಳೆಸಿದ್ದನ್ನು ಕದಲಿಸದೆ ಬಿಚ್ಚಲೂ ಬಹುದು. ಒಂದು ಸಂಖ್ಯೆ ವರ್ಗವೇ ಎಂದು ತಿಳಿಯಲು ಅದರಿಂದ 1, 3, 5, 7 ಎಂದು ಕಳೆಯುತ್ತಾ ಹೋಗಿ. 169ರಿಂದ ಕಳೆಯುತ್ತಾ ಹೋದರೆ 168, 165, 160, 153, 144, 133, 120, 105, 88, 69, 48, 25, ಕೊನೆಗೆ 25 ಕಳೆದಾಗ 0. ಹದಿಮೂರು ಸಲ ಕಳೆದೆವು, ವರ್ಗಮೂಲ 13. ಗುಣಾಕಾರ, ಭಾಗಾಕಾರ ಯಾವುದೂ ಬೇಕಾಗಲಿಲ್ಲ. ಸಂಖ್ಯೆ ದೊಡ್ಡದಾದರೆ ಇದು ನಿಧಾನ, ಹತ್ತು ಸಾವಿರಕ್ಕೆ ನೂರು ಸಲ ಕಳೆಯಬೇಕು.

180ನ್ನು ಹೀಗೇ ಬಿಚ್ಚಿ ನೋಡಿ. ಹದಿಮೂರು ಸಲ ಕಳೆದ ಮೇಲೆ 11 ಉಳಿಯುತ್ತದೆ, ಮುಂದೆ ಕಳೆಯಬೇಕಾದದ್ದು 27. ಕಳೆಯಲಾಗದು, ಆದ್ದರಿಂದ 180 ವರ್ಗವಲ್ಲ. ಚುಕ್ಕಿಗಳಲ್ಲಿ ಹೇಳುವುದಾದರೆ, ಹದಿಮೂರರ ಚೌಕ ತುಂಬಿ, ಅದರ ಹೊರಗಿನ ಪಟ್ಟಿಯಲ್ಲಿ ಹನ್ನೊಂದು ಚುಕ್ಕಿ ಮಾತ್ರ ಬಂದು ಕೂತಿವೆ. ಇನ್ನು ಹದಿನಾರು ಇಟ್ಟರೆ ಮೂಲೆಯೂ ತುಂಬಿ ಹದಿನಾಲ್ಕರ ಚೌಕವಾಗುತ್ತದೆ: 180 + 16 = 196.